ಅಂಗಡಿ ಬಿಟ್ಟ ಮೇಲೂ ಬೆನ್ನು ಬಿಡದ ಬಾಕಿ

ಪಾಲುದಾರಿಕೆ ಸಂಸ್ಥೆಯಿಂದ ಒಬ್ಬರು ಹೊರಬರುವಾಗ ಛಾಪಾ ಕಾಗದದ ಮೇಲೆ ಬರೆಸುವ ನಿವೃತ್ತಿ ಪತ್ರದಲ್ಲಿ ಒಂದು ಮಾತು ತಪ್ಪದೆ ಇರುತ್ತದೆ. ಇಂಥ ತಾರೀಖಿನಿಂದ ಸಂಸ್ಥೆಯ ಆಸ್ತಿ, ಸಾಲ, ಬಾಕಿ ಎಲ್ಲವೂ ಮುಂದುವರಿಯುವ ಪಾಲುದಾರರಿಗೆ ಸೇರಿದ್ದು, ಬಿಟ್ಟು ಹೋಗುವವರಿಗೆ ಇನ್ನು ಅದರ ಸಂಬಂಧವಿಲ್ಲ ಎಂಬುದು ಅದರ ಸಾರ. ಎಲ್ಲರೂ ಸಹಿ ಹಾಕುತ್ತಾರೆ. ನೋಟರಿಯ ಮೊಹರು ಬೀಳುತ್ತದೆ. ಪಾಲಿನ ಹಣದ ಚೆಕ್ಕು ಕೈಗೆ ಬರುತ್ತದೆ. ಹೊರಬಂದವರು ಇನ್ನು ತಮ್ಮ ಲೆಕ್ಕ ಮುಗಿಯಿತು ಎಂದುಕೊಳ್ಳುತ್ತಾರೆ. ವರ್ಷ ಕಳೆದ ಮೇಲೆ ಸರಕು ಕೊಟ್ಟ ಸಗಟು ವ್ಯಾಪಾರಿಯ ವಕೀಲರಿಂದ ನೋಟಿಸ್ ಬಂದಾಗ ಅದೇ ಪತ್ರವನ್ನು ತೆಗೆದು ತೋರಿಸುತ್ತಾರೆ. ಆದರೆ ಆ ಪತ್ರಕ್ಕೆ ಸಗಟು ವ್ಯಾಪಾರಿ ಸಹಿ ಹಾಕಿಲ್ಲ. ತಾನು ಒಪ್ಪದ ಪತ್ರಕ್ಕೆ ತನ್ನ ಹಣವನ್ನು ಬಿಟ್ಟುಕೊಡುವ ಹಂಗು ಅವನಿಗಿಲ್ಲ.

1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 32ನೇ ಕಲಂ ಹೇಳುವುದು ಇದನ್ನೇ. ಪಾಲುದಾರರು ತಮ್ಮೊಳಗೆ ಏನು ಬೇಕಾದರೂ ಒಪ್ಪಿಕೊಳ್ಳಬಹುದು. ಹೊರಗಿನವರ ಮಟ್ಟಿಗೆ ನಿವೃತ್ತಿಗೆ ಬೆಲೆ ಬರಬೇಕಾದರೆ ಎರಡು ಕೆಲಸ ಬೇರೆ ಬೇರೆಯಾಗಿ ಆಗಬೇಕು. ನಿವೃತ್ತಿಯ ದಿನದವರೆಗಿನ ಹಳೆಯ ಸಾಲದಿಂದ ಬಿಡಿಸಿಕೊಳ್ಳಲು ಸಾಲ ಕೊಟ್ಟವನ ಒಪ್ಪಿಗೆ ಬೇಕು. ನಿವೃತ್ತಿಯ ನಂತರ ಹುಟ್ಟುವ ಹೊಸ ಸಾಲ ಅಂಟದಿರಲು ಸಾರ್ವಜನಿಕ ನೋಟಿಸ್ ಬೇಕು. ಜನ ಎಡವುವುದು ಈ ಎರಡನ್ನೂ ಒಂದೇ ಎಂದು ತಿಳಿದಾಗ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟವರು ಹಳೆಯ ಸಾಲವೂ ಹೋಯಿತು ಎಂದುಕೊಳ್ಳುತ್ತಾರೆ. ಬ್ಯಾಂಕಿನಿಂದ ಪತ್ರ ಪಡೆದವರು ಪ್ರಕಟಣೆ ಏಕೆ ಎನ್ನುತ್ತಾರೆ.

ಮೊದಲು ಬುಡದ ವಿಷಯ. ಪಾಲುದಾರನಾಗಿದ್ದ ಕಾಲದಲ್ಲಿ ಸಂಸ್ಥೆ ಮಾಡಿದ ಎಲ್ಲ ವ್ಯವಹಾರಕ್ಕೂ ಪ್ರತಿಯೊಬ್ಬ ಪಾಲುದಾರ ಉಳಿದವರ ಜೊತೆ ಸೇರಿಯೂ, ಒಬ್ಬನೇ ಆಗಿಯೂ ಹೊಣೆ. ಲಾಭದಲ್ಲಿ ನನಗಿದ್ದದ್ದು ನಾಲ್ಕಾಣೆ ಪಾಲು, ಸಾಲದಲ್ಲೂ ನಾಲ್ಕಾಣೆಯಷ್ಟೇ ಕೊಡುತ್ತೇನೆ ಎಂಬ ವಾದ ಸಾಲಗಾರರ ಮುಂದೆ ನಡೆಯುವುದಿಲ್ಲ. ಅವರು ಇಡೀ ಮೊತ್ತವನ್ನು ಒಬ್ಬನಿಂದಲೇ ಕೇಳಬಹುದು. ಹಾಗೆ ಕೊಟ್ಟವನು ಉಳಿದ ಪಾಲುದಾರರಿಂದ ವಸೂಲು ಮಾಡಿಕೊಳ್ಳಬೇಕು, ಅದು ಅವರವರ ಒಳಜಗಳ. ಸಾಮಾನ್ಯವಾಗಿ ಸಾಲ ಕೊಟ್ಟವರು ಬೆನ್ನು ಹತ್ತುವುದು ಮನೆ ಇದ್ದವರನ್ನು, ಪಿಂಚಣಿ ಬರುವವರನ್ನು, ಊರಲ್ಲಿ ಮರ್ಯಾದೆಗೆ ಅಂಜುವವರನ್ನು. ಹೊರಬಂದ ಪಾಲುದಾರರು ಬಹಳ ಸಲ ಅಂಥವರೇ ಆಗಿರುತ್ತಾರೆ.

ಒಂದು ಲೆಕ್ಕ ಹಾಕಿ ನೋಡೋಣ. ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿ ಇದೆ ಎಂದುಕೊಳ್ಳಿ. ಅಣ್ಣ, ತಮ್ಮ ಮತ್ತು ಅವರ ಅಕ್ಕನ ಗಂಡ, ಅಂದರೆ ಭಾವ, ಮೂವರೂ ಪಾಲುದಾರರು. ಬೆಂಗಳೂರಿನ ಚಿಕ್ಕಪೇಟೆಯ ಒಬ್ಬ ಸಗಟು ವ್ಯಾಪಾರಿ ವರ್ಷಗಳಿಂದ ಇವರಿಗೆ ಉದ್ರಿಯಲ್ಲಿ ಸರಕು ಕಳಿಸುತ್ತಿದ್ದಾನೆ. ಅವನಿಗೆ ಮೂವರೂ ಗೊತ್ತು. ನಂಬಿಕೆ ಮಾತ್ರ ಭಾವನ ಮೇಲೆ. 2024ರ ಮಾರ್ಚ್ 31ರಂದು ಭಾವ ನಿವೃತ್ತರಾಗುತ್ತಾರೆ. ಅಂದು ಆ ವ್ಯಾಪಾರಿಗೆ ಕೊಡಬೇಕಾದ ಬಾಕಿ 8 ಲಕ್ಷ ರೂಪಾಯಿ. ಜುಲೈಯಲ್ಲಿ ಅಣ್ಣ ತಮ್ಮಂದಿರು ಮತ್ತೆ 5 ಲಕ್ಷದ ಸರಕು ತರಿಸುತ್ತಾರೆ. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಕಂತು ಕಂತಾಗಿ 6 ಲಕ್ಷ ಕಟ್ಟುತ್ತಾರೆ. ಆಮೇಲೆ ವ್ಯಾಪಾರ ಕುಸಿದು ಕೈಯೆತ್ತುತ್ತಾರೆ. ಉಳಿದ ಬಾಕಿ 7 ಲಕ್ಷ. ಇದರಲ್ಲಿ ಭಾವನ ತಲೆಗೆ ಎಷ್ಟು?

ಸಾರ್ವಜನಿಕ ನೋಟಿಸ್ ಕೊಟ್ಟಿರದಿದ್ದರೆ ಉತ್ತರ ಸರಳ: ಏಳಕ್ಕೆ ಏಳೂ. ಮಾರ್ಚ್‌ವರೆಗಿನ ಬಾಕಿಗೆ ಅವರು ಪಾಲುದಾರರಾಗಿದ್ದರಿಂದ ಹೊಣೆ. ಜುಲೈ ಸರಕಿಗೆ ಅವರು ಪಾಲುದಾರರಾಗಿರಲಿಲ್ಲ, ಆ ಸರಕನ್ನು ಕಣ್ಣಿಂದಲೂ ನೋಡಿಲ್ಲ. ಆದರೂ ಹೊಣೆ. ನಿವೃತ್ತಿಯನ್ನು ಸಾರ್ವಜನಿಕವಾಗಿ ಸಾರುವವರೆಗೆ, ಸಂಸ್ಥೆಯ ಹೆಸರಲ್ಲಿ ನಡೆದ ವ್ಯವಹಾರಕ್ಕೆ ಹೊರಗಿನವರ ಮಟ್ಟಿಗೆ ಅವರು ಪಾಲುದಾರರೇ ಎಂದು 32ನೇ ಕಲಮಿನ 3ನೇ ಉಪಕಲಂ ಹೇಳುತ್ತದೆ. ಇದು ಅನ್ಯಾಯದಂತೆ ಕಂಡರೂ ಚಿಕ್ಕಪೇಟೆಯ ಗದ್ದಿಗೆಯಲ್ಲಿ ಕೂತು ಯೋಚಿಸಿ. ಭಾವ ಇದ್ದಾರೆ ಎಂಬ ಧೈರ್ಯದಿಂದಲೇ ಆ ವ್ಯಾಪಾರಿ ಜುಲೈಯಲ್ಲಿ ಸರಕು ಕಳಿಸಿದ. ದಾವಣಗೆರೆಯ ಒಂದು ಮನೆಯೊಳಗೆ ನಡೆದ ಸಹಿ ಅವನಿಗೆ ಹೇಗೆ ಗೊತ್ತಾಗಬೇಕು?

ಈಗ ಭಾವ ಮೇ ತಿಂಗಳಲ್ಲೇ ಕ್ರಮವಾಗಿ ಸಾರ್ವಜನಿಕ ನೋಟಿಸ್ ಕೊಟ್ಟಿದ್ದರು ಎಂದುಕೊಳ್ಳೋಣ. ಆಗ ಜುಲೈಯ 5 ಲಕ್ಷ ಅವರಿಗೆ ಅಂಟುವುದಿಲ್ಲ. ಉಳಿದದ್ದು ಹಳೆಯ 8 ಲಕ್ಷ. ಹಾಗಾದರೆ ಆಮೇಲೆ ಕಟ್ಟಿದ 6 ಲಕ್ಷ ಯಾವುದಕ್ಕೆ ಜಮೆಯಾಯಿತು? ಹಳೆಯ ಬಾಕಿಗೆ ಜಮೆಯಾಗಿದ್ದರೆ ಅದರಲ್ಲಿ ಉಳಿದದ್ದು 2 ಲಕ್ಷ, ಭಾವನ ಹೊಣೆಯೂ ಅಷ್ಟೇ. ಮೊದಲು ಜುಲೈ ಬಿಲ್ಲಿನ 5 ಲಕ್ಷಕ್ಕೆ ಜಮೆಯಾಗಿ, ಮಿಕ್ಕ 1 ಲಕ್ಷ ಮಾತ್ರ ಹಳೆಯ ಬಾಕಿಗೆ ಹೋಗಿದ್ದರೆ ಹಳೆಯದರಲ್ಲಿ 7 ಲಕ್ಷ ಹಾಗೇ ಉಳಿದಿದೆ, ಭಾವ ಪೂರ್ತಿ 7 ಲಕ್ಷಕ್ಕೆ ಹೊಣೆ. ಒಂದೇ ಸರಕು, ಒಂದೇ ಪಾವತಿ, ಒಂದೇ ಬಾಕಿ. ಭಾವನ ಹೊಣೆ ಮಾತ್ರ ಎರಡು ಲಕ್ಷದಿಂದ ಏಳು ಲಕ್ಷಕ್ಕೆ ಜಿಗಿಯುತ್ತದೆ. ನಿವೃತ್ತಿ ಪತ್ರ ಬರೆಯುವ ಹೊತ್ತಿನಲ್ಲಿ ಇದನ್ನು ಯೋಚಿಸಿದವರನ್ನು ನಾನು ಕಂಡದ್ದು ಬಹಳ ಕಡಿಮೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಪಾವತಿ ಯಾವ ಸಾಲಕ್ಕೆ ಹೋಗಬೇಕು ಎಂಬುದನ್ನು 1872ರ ಕರಾರು ಕಾಯ್ದೆಯ 59ರಿಂದ 61ರವರೆಗಿನ ಕಲಮುಗಳು ತೀರ್ಮಾನಿಸುತ್ತವೆ. ಮೊದಲ ಹಕ್ಕು ಹಣ ಕಟ್ಟುವವನದು. ಇದು ಇಂಥ ಬಿಲ್ಲಿಗೆ ಎಂದು ಅವನು ಹೇಳಿ ಕಟ್ಟಿದರೆ, ಪಡೆದವನು ಅದನ್ನು ಅದಕ್ಕೇ ಜಮೆ ಮಾಡಿಕೊಳ್ಳಬೇಕು. ಕಟ್ಟುವವನು ಏನೂ ಹೇಳದಿದ್ದರೆ, ಸಂದರ್ಭದಿಂದಲೂ ತಿಳಿಯದಿದ್ದರೆ, ಆಯ್ಕೆ ಪಡೆಯುವವನ ಕೈಗೆ ಬರುತ್ತದೆ. ಇಬ್ಬರೂ ಏನೂ ಮಾಡದಿದ್ದರೆ ಹಳೆಯ ಸಾಲ ಮೊದಲು, ಹೊಸದು ಆಮೇಲೆ, ತಾರೀಖಿನ ಸಾಲಿನಂತೆ ತೀರುತ್ತದೆ. ಅಣ್ಣ ತಮ್ಮಂದಿರು ಬಾಯಿ ಬಿಡದೆ ಹಣ ಕಟ್ಟುತ್ತಾ ಹೋದರೆ, ಜಾಣ ಸಗಟು ವ್ಯಾಪಾರಿ ಅದನ್ನು ಜುಲೈ ಬಿಲ್ಲಿಗೆ ಜಮೆ ಮಾಡಿಕೊಂಡು, ಮೂವರೂ ಹೊಣೆಯಾಗಿರುವ ಹಳೆಯ ಬಾಕಿಯನ್ನು ಜೀವಂತವಾಗಿ ಇಟ್ಟುಕೊಳ್ಳಬಹುದು. ಅದು ಅವನ ಹಕ್ಕು.

ಹಳೆಯದು ಮೊದಲು ಎಂಬ ನಿಯಮ ಇಂಗ್ಲೆಂಡಿನಿಂದ ಬಂದದ್ದು, ಅದೂ ಪಾಲುದಾರಿಕೆಯ ಪ್ರಕರಣದಿಂದಲೇ. ಲಂಡನ್ನಿನ ಒಂದು ಖಾಸಗಿ ಬ್ಯಾಂಕಿನ ಪಾಲುದಾರ ಡಿವೇನ್ಸ್ ಎಂಬಾತ 1809ರಲ್ಲಿ ತೀರಿಕೊಂಡ. ಉಳಿದವರು ಬ್ಯಾಂಕು ನಡೆಸಿ ಮರುವರ್ಷ ದಿವಾಳಿಯಾದರು. ಕ್ಲೇಟನ್ ಎಂಬ ಠೇವಣಿದಾರ ತನ್ನ ಹಣವನ್ನು ಸತ್ತ ಪಾಲುದಾರನ ಆಸ್ತಿಯಿಂದ ಕೇಳಿದ. ಡಿವೇನ್ಸ್ ಸತ್ತ ದಿನ ಖಾತೆಯಲ್ಲಿದ್ದ ಮೊತ್ತಕ್ಕಿಂತ ಹೆಚ್ಚನ್ನು ಕ್ಲೇಟನ್ ಆಮೇಲೆ ವಾಪಸು ತೆಗೆದಿದ್ದ. ಜೊತೆಗೆ ಹೊಸದಾಗಿ ಹಣ ಹಾಕಿದ್ದ. ಚಾಲ್ತಿ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಹೋಗುತ್ತದೆ, ಆದ್ದರಿಂದ ಡಿವೇನ್ಸ್ ಕಾಲದ ಸಾಲ ತೀರಿಹೋಗಿದೆ ಎಂದು 1816ರಲ್ಲಿ ತೀರ್ಪು ಬಂತು. ಸತ್ತವನ ಆಸ್ತಿ ಉಳಿಯಿತು.

ದಾವಣಗೆರೆಯ ಭಾವ ಇದರಿಂದ ಪಡೆಯಬಹುದಾದ ಉಪಾಯ ಒಂದು ಸಾಲಿನದು. ನಿವೃತ್ತಿ ಪತ್ರದಲ್ಲೇ ಬರೆಸಬೇಕು: ಮಾರ್ಚ್ 31ರವರೆಗಿನ ಬಾಕಿಗಳ ಪಟ್ಟಿ ಇದು, ಮುಂದೆ ಸಂಸ್ಥೆ ಈ ವ್ಯಾಪಾರಿಗಳಿಗೆ ಕಟ್ಟುವ ಹಣವನ್ನು ಮೊದಲು ಈ ಪಟ್ಟಿಯ ಬಿಲ್ಲುಗಳಿಗೆ ಎಂದು ಲಿಖಿತವಾಗಿ ತಿಳಿಸಿಯೇ ಕಟ್ಟಬೇಕು. ಬ್ಯಾಂಕಿನಲ್ಲಿ ಹಣ ವರ್ಗ ಮಾಡುವಾಗ ಬಿಲ್ ನಂಬರನ್ನು ಹಾಕಬಹುದು, ಒಂದು ವಾಟ್ಸಾಪ್ ಸಂದೇಶ ಕಳಿಸಿದರೂ ಆಯಿತು. ಇದರಿಂದ ಅಣ್ಣ ತಮ್ಮಂದಿರಿಗೆ ಒಂದು ಪೈಸೆಯೂ ಹೆಚ್ಚು ಖರ್ಚಿಲ್ಲ.

ಸಗಟು ವ್ಯಾಪಾರಿಯೇ ಭಾವನನ್ನು ಹಳೆಯ 8 ಲಕ್ಷದಿಂದ ಬಿಟ್ಟುಬಿಟ್ಟರೆ ಈ ಲೆಕ್ಕಾಚಾರವೇ ಬೇಡ. 32ನೇ ಕಲಮಿನ 2ನೇ ಉಪಕಲಂ ಕೊಡುವ ದಾರಿ ಅದು. ಒಪ್ಪಂದ ಮೂವರ ನಡುವೆ ಆಗಬೇಕು: ನಿವೃತ್ತನಾಗುವವನು, ಸಾಲ ಕೊಟ್ಟವನು, ಮುಂದುವರಿಯುವ ಪಾಲುದಾರರು. ಹಳೆಯ ಬಾಕಿ ಇಷ್ಟು, ಇದಕ್ಕೆ ಇನ್ನು ಮುಂದೆ ಅಣ್ಣ ತಮ್ಮ ಮಾತ್ರ ಹೊಣೆ, ಭಾವನ ಮೇಲೆ ನನ್ನ ಹಕ್ಕು ಇಲ್ಲ ಎಂದು ಸಗಟು ವ್ಯಾಪಾರಿ ಸಹಿ ಹಾಕಿ ಕೊಟ್ಟರೆ ಮುಗಿಯಿತು. ಬರೆದುಕೊಡದಿದ್ದರೂ ನಡವಳಿಕೆಯಿಂದ ಇಂಥ ಒಪ್ಪಂದ ಆಗಿದೆ ಎಂದು ಊಹಿಸಬಹುದು ಎಂದೂ ಕಾಯ್ದೆ ಹೇಳುತ್ತದೆ. ಆದರೆ ಆ ನಡವಳಿಕೆ ನಿವೃತ್ತಿಯ ವಿಷಯ ಗೊತ್ತಾದ ಮೇಲಿನದಾಗಿರಬೇಕು. ನಿವೃತ್ತಿ ತಿಳಿದೂ ಅವನು ಹಳೆಯ ಖಾತೆಯನ್ನು ಮುಗಿಸಿ, ಬಾಕಿಯನ್ನು ಅಣ್ಣ ತಮ್ಮಂದಿರ ಹೊಸ ಖಾತೆಗೆ ಎಳೆದು, ಅವರಿಬ್ಬರಿಂದಲೇ ಹೊಸ ಪ್ರಾಮಿಸರಿ ನೋಟು ಬರೆಸಿಕೊಂಡಿದ್ದರೆ ಭಾವನಿಗೆ ಒಳ್ಳೆಯ ವಾದವಿದೆ. ಅವನು ಬರಿದೇ ಸುಮ್ಮನಿದ್ದ, ಅಣ್ಣನ ಹತ್ತಿರ ಬಾಕಿ ಕೇಳುತ್ತಿದ್ದ, ಸರಕು ಕಳಿಸುತ್ತಿದ್ದ ಎಂಬಷ್ಟನ್ನೇ ಇಟ್ಟುಕೊಂಡು ಕೋರ್ಟಿಗೆ ಹೋಗುವುದು ತೆಳುವಾದ ದಾರದಲ್ಲಿ ಬಾವಿಯಿಂದ ಕೊಡ ಎಳೆದಂತೆ.

ಬ್ಯಾಂಕಿನ ವಿಷಯದಲ್ಲಿ ಈ ಒಪ್ಪಿಗೆ ಇನ್ನೂ ಮುಖ್ಯ. ಸಿಂಡಿಕೇಟ್ ಬ್ಯಾಂಕ್ ಮತ್ತು ಆರ್.ಎಸ್.ಆರ್. ಎಂಜಿನಿಯರಿಂಗ್ ವರ್ಕ್ಸ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಇದನ್ನು ಬಿಡಿಸಿ ಹೇಳಿತು. ಸಂಸ್ಥೆ ಸಾಲ ಮಾಡಿದ್ದಾಗ ಪಾಲುದಾರರಾಗಿದ್ದು ಆಮೇಲೆ ಹೊರಬಂದವರು ತಮ್ಮ ಹೊಣೆ ಮುಗಿದಿದೆ ಎಂದಿದ್ದರು. ಸಾಲ ನಿವೃತ್ತಿಗೆ ಮೊದಲಿನದು, ಬಿಡುಗಡೆ ಮಾಡುವ ಒಪ್ಪಂದ ಬ್ಯಾಂಕಿನೊಂದಿಗೆ ಆಗಿಲ್ಲ, ಆದ್ದರಿಂದ ಹೊಣೆ ಹಾಗೇ ಇದೆ ಎಂದು ನ್ಯಾಯಾಲಯ ಹೇಳಿತು.

ನಮ್ಮ ಬಟ್ಟೆ ಅಂಗಡಿಗೂ ಬ್ಯಾಂಕಿನಲ್ಲಿ 10 ಲಕ್ಷದ ಓ.ಡಿ. ಇದೆ ಎನ್ನೋಣ. ದಿನಾ ಹಣ ಕಟ್ಟುವುದು, ದಿನಾ ತೆಗೆಯುವುದು. ನಿವೃತ್ತಿಯ ದಿನ ಅದರಲ್ಲಿ 9 ಲಕ್ಷ ಬಾಕಿ. ಹಳೆಯದು ಮೊದಲು ತೀರುತ್ತದೆ ಎಂಬ ನಿಯಮದಿಂದ, ಅದೇ ಖಾತೆ ಓಡುತ್ತಾ ಹೋದರೆ ಕೆಲವು ತಿಂಗಳಲ್ಲಿ ಹಳೆಯ 9 ಲಕ್ಷ ತೀರಿ, ಇರುವ ಬಾಕಿಯೆಲ್ಲ ಹೊಸದಾಗಿಬಿಡುತ್ತದೆ. ಬ್ಯಾಂಕಿನವರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ನಿವೃತ್ತಿಯ ಸುದ್ದಿ ತಿಳಿದ ತಕ್ಷಣ ಎಚ್ಚರದ ಮ್ಯಾನೇಜರು ಹಳೆಯ ಖಾತೆಯಲ್ಲಿ ವ್ಯವಹಾರ ನಿಲ್ಲಿಸಿ, ಮುಂದಿನದಕ್ಕೆ ಹೊಸ ಖಾತೆ ತೆರೆಸುತ್ತಾರೆ. ಹಾಗೆ ಮಾಡಿದರೆ 9 ಲಕ್ಷ ಅಲ್ಲೇ ನಿಂತು, ಮೂವರ ತಲೆಯ ಮೇಲೂ ಉಳಿಯುತ್ತದೆ.

ಬ್ಯಾಂಕಿನಲ್ಲಿ ಇನ್ನೊಂದು ಗಂಟೂ ಇರುತ್ತದೆ. ಓ.ಡಿ. ಕಾಗದಗಳಲ್ಲಿ ಸಂಸ್ಥೆಯ ಪರವಾಗಿ ಸಹಿ ಹಾಕಿದ ಪಾಲುದಾರರಿಂದಲೇ ವೈಯಕ್ತಿಕ ಜಾಮೀನು ಪತ್ರಕ್ಕೂ ಸಹಿ ಹಾಕಿಸಿಕೊಳ್ಳುವುದು ರೂಢಿ. ಪಾಲುದಾರಿಕೆಯಿಂದ ಹೊರಬಂದ ಮಾತ್ರಕ್ಕೆ ಜಾಮೀನು ಕರಗುವುದಿಲ್ಲ, ಅದು ಬೇರೆಯೇ ಕರಾರು. ಮುಂದುವರಿಯುವ ಜಾಮೀನನ್ನು ಮುಂದಿನ ವ್ಯವಹಾರಗಳ ಮಟ್ಟಿಗೆ ಬ್ಯಾಂಕಿಗೆ ನೋಟಿಸ್ ಕೊಟ್ಟು ಹಿಂತೆಗೆದುಕೊಳ್ಳಬಹುದು. ಆ ದಿನದವರೆಗೆ ಆದದ್ದಕ್ಕೆ ಹೊಣೆ ಇದ್ದೇ ಇರುತ್ತದೆ. ಮನೆಯ ಪತ್ರಗಳನ್ನು ಅಡವಿಟ್ಟಿದ್ದರೆ ಅದೂ ಬೇರೆ ಮಾತು. ಆದ್ದರಿಂದ ಬ್ಯಾಂಕಿನಿಂದ ಕೇಳಬೇಕಾದದ್ದು ಆಕ್ಷೇಪಣೆ ಇಲ್ಲ ಎಂಬ ಒಂದು ಸಾಲಿನ ಪತ್ರವಲ್ಲ. ಸಾಲಗಾರನ ಸ್ಥಾನದಿಂದಲೂ ಜಾಮೀನುದಾರನ ಸ್ಥಾನದಿಂದಲೂ ಬಿಡುಗಡೆ ಮಾಡಿದ್ದೇವೆ ಎಂಬ ಸ್ಪಷ್ಟ ಬರಹ, ಅಡವಿಟ್ಟ ಮೂಲ ಪತ್ರಗಳು, ಮತ್ತು ಉಳಿದ ಪಾಲುದಾರರು ಹೊಸದಾಗಿ ಸಹಿ ಹಾಕಿದ ಸಾಲಪತ್ರಗಳ ನಕಲು. ಬದಲಿ ಜಾಮೀನು ಇಲ್ಲದೆ ಬ್ಯಾಂಕು ಸುಲಭಕ್ಕೆ ಇದನ್ನು ಕೊಡುವುದಿಲ್ಲ. ಅದಕ್ಕೇ ಈ ಮಾತುಕತೆ ಪಾಲಿನ ಚೆಕ್ಕು ಪಡೆಯುವುದಕ್ಕೆ ಮೊದಲು ಆಗಬೇಕು.

ನಿವೃತ್ತಿ ಪತ್ರದಲ್ಲಿ ನಷ್ಟ ತುಂಬಿಕೊಡುವ ಷರತ್ತು ಇದೆಯಲ್ಲ ಎಂದು ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಹಳೆಯ ಸಾಲದಿಂದ ಭಾವನಿಗೆ ತೊಂದರೆಯಾದರೆ ಅಣ್ಣ ತಮ್ಮಂದಿರು ತುಂಬಿಕೊಡುತ್ತಾರೆ ಎಂಬ ಷರತ್ತು ಅದು. ಆ ಷರತ್ತು ಇರಲೇಬೇಕು. ಆದರೆ ಅದು ಸಾಲ ಕೊಟ್ಟವನನ್ನು ತಡೆಯುವುದಿಲ್ಲ. ಭಾವನಿಗೆ ಅಣ್ಣ ತಮ್ಮಂದಿರ ಮೇಲೆ ಒಂದು ಹಕ್ಕನ್ನು ಕೊಡುತ್ತದೆ, ಅಷ್ಟೇ. ಅವರ ಕೈಯಲ್ಲಿ ಹಣವಿದ್ದಿದ್ದರೆ ಸಗಟು ವ್ಯಾಪಾರಿ ಭಾವನ ಬಾಗಿಲಿಗೆ ಬರುತ್ತಲೇ ಇರಲಿಲ್ಲ.

ಇನ್ನು ಸಾರ್ವಜನಿಕ ನೋಟಿಸ್. ಹೆಸರು ಕೇಳಿ ಅಂಗಡಿಯ ಬಾಗಿಲಿಗೆ ಅಂಟಿಸುವ ಚೀಟಿ ಎಂದುಕೊಳ್ಳಬಾರದು. ಯಾವುದನ್ನು ಸಾರ್ವಜನಿಕ ನೋಟಿಸ್ ಎನ್ನಬೇಕು ಎಂದು ಕಾಯ್ದೆಯ 72ನೇ ಕಲಂ ನಿಶ್ಚಿತವಾಗಿ ಹೇಳುತ್ತದೆ. ಸಂಸ್ಥೆ ನೋಂದಾಯಿತವಾಗಿದ್ದರೆ ಮೂರು ಕೆಲಸ. ಪಾಲುದಾರಿಕೆ ಸಂಸ್ಥೆಗಳ ರಿಜಿಸ್ಟ್ರಾರರಿಗೆ 63ನೇ ಕಲಮಿನಡಿ ಬದಲಾವಣೆಯ ನೋಟಿಸ್ ಕೊಡಬೇಕು. ಕರ್ನಾಟಕದಲ್ಲಿ ಈ ಕೆಲಸ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಗಳ ಕಚೇರಿಯಲ್ಲಿ ನಡೆಯುತ್ತದೆ. ಸರ್ಕಾರಿ ಗೆಜೆಟ್‌ನಲ್ಲಿ, ಅಂದರೆ ರಾಜ್ಯಪತ್ರದಲ್ಲಿ, ಪ್ರಕಟಿಸಬೇಕು. ಜೊತೆಗೆ ಸಂಸ್ಥೆಯ ಮುಖ್ಯ ವ್ಯವಹಾರ ಸ್ಥಳವಿರುವ ಜಿಲ್ಲೆಯಲ್ಲಿ ಪ್ರಸಾರವಿರುವ ಕನಿಷ್ಠ ಒಂದು ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ನೋಂದಣಿ ಆಗಿರದ ಸಂಸ್ಥೆಯಾದರೆ ರಿಜಿಸ್ಟ್ರಾರರ ಮೆಟ್ಟಿಲಿಲ್ಲ, ಗೆಜೆಟ್ ಮತ್ತು ಪತ್ರಿಕೆ ಎರಡೇ.

ಇಲ್ಲಿ ಸಾಮಾನ್ಯವಾಗಿ ಆಗುವ ಲೋಪಗಳು ಗುರುತಿಸಲು ಸುಲಭ. ಪಾಲುದಾರಿಕೆ ಪತ್ರವನ್ನು ಛಾಪಾ ಕಾಗದದಲ್ಲಿ ಬರೆಸಿ ನೋಟರಿ ಮಾಡಿಸಿದ್ದನ್ನೇ ಸಂಸ್ಥೆಯ ನೋಂದಣಿ ಎಂದು ಅನೇಕರು ನಂಬಿರುತ್ತಾರೆ. ಹಾಗಲ್ಲ, ರಿಜಿಸ್ಟ್ರಾರರ ಪುಸ್ತಕದಲ್ಲಿ ಸಂಸ್ಥೆಯ ಹೆಸರು ದಾಖಲಾಗಿದ್ದರೆ ಮಾತ್ರ ಅದು ನೋಂದಾಯಿತ. ಇನ್ನು ಕೆಲವರು ಇಂಗ್ಲಿಷ್ ಪತ್ರಿಕೆಯಲ್ಲಷ್ಟೇ ಪ್ರಕಟಿಸುತ್ತಾರೆ. ಕಾಯ್ದೆ ಕೇಳುವುದು ದೇಶಭಾಷೆಯ ಪತ್ರಿಕೆಯನ್ನು, ದಾವಣಗೆರೆಯಲ್ಲಾದರೆ ಕನ್ನಡ ಪತ್ರಿಕೆಯನ್ನು. ಪತ್ರಿಕೆಯ ಪ್ರಕಟಣೆ ಮಾಡಿ ಗೆಜೆಟ್ಟನ್ನು ಮರೆಯುವುದಂತೂ ಎಲ್ಲಕ್ಕಿಂತ ಹೆಚ್ಚು. ಪತ್ರಿಕೆಯ ಜಾಹೀರಾತು ಎರಡು ದಿನದಲ್ಲಿ ಬರುತ್ತದೆ, ಗೆಜೆಟ್ಟಿಗೆ ಅರ್ಜಿ ಹಾಕಿ ಕಾಯಬೇಕು, ಆದ್ದರಿಂದ ಅದನ್ನು ಆಮೇಲೆ ನೋಡೋಣ ಎಂದು ಬಿಟ್ಟುಬಿಡುತ್ತಾರೆ. ಕಾಯ್ದೆಯಲ್ಲಿ ಇವುಗಳ ನಡುವೆ ಅಥವಾ ಎಂಬ ಪದವಿಲ್ಲ, ಮತ್ತು ಎಂದಿದೆ. ಹೇಳಿದ್ದೆಲ್ಲ ಮುಗಿದ ದಿನವನ್ನೇ ನೋಟಿಸ್ ಕೊಟ್ಟ ದಿನವೆಂದು ಹಿಡಿಯುವುದು ಕ್ಷೇಮ.

ಪ್ರಕಟಣೆಯಲ್ಲಿ ಸಂಸ್ಥೆಯ ಹೆಸರು, ವಿಳಾಸ, ನಿವೃತ್ತರಾದವರ ಹೆಸರು, ನಿವೃತ್ತಿಯ ತಾರೀಖು, ಮುಂದುವರಿಯುವವರ ಹೆಸರು ಇದ್ದರೆ ಸಾಕು. ಮಾರ್ಚ್ 31ರಿಂದ ನಿವೃತ್ತಿ ಎಂದು ಮೇ 20ರಂದು ಪ್ರಕಟಿಸಿದರೆ ನಡುವಿನ ಐವತ್ತು ದಿನದ ವ್ಯವಹಾರಕ್ಕೆ ಹಿಂದಿನ ತಾರೀಖಿನ ರಕ್ಷಣೆ ಸಿಗುವುದಿಲ್ಲ. ಆ ನಡುವೆ ಅಣ್ಣ ಹೊಸ ಸರಕು ತರಿಸಿದ್ದರೆ ಅದು ಭಾವನಿಗೂ ಸೇರಿದ್ದು.

ನೋಟಿಸ್ ಕೊಡುವ ಹಕ್ಕು ನಿವೃತ್ತನಾದವನಿಗೂ ಇದೆ, ಉಳಿದವರಲ್ಲಿ ಯಾರಿಗಾದರೂ ಇದೆ. ಅದನ್ನು ಉಳಿದವರಿಗೆ ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಭಾವನ ಹೆಸರಿನಿಂದ ಉದ್ರಿ ಸಿಗುತ್ತಿದ್ದ ಅಂಗಡಿಯವರಿಗೆ ಭಾವ ಇನ್ನಿಲ್ಲಿಲ್ಲ ಎಂದು ಸಾರುವ ಆತುರ ಏಕಿರುತ್ತದೆ? ಖರ್ಚು ತಾನೇ ಕೊಟ್ಟು, ಅರ್ಜಿ ತಾನೇ ಹಾಕಿ, ರಿಜಿಸ್ಟ್ರಾರರ ಸ್ವೀಕೃತಿ, ಗೆಜೆಟ್ಟಿನ ಸಂಚಿಕೆ, ಪತ್ರಿಕೆಯ ಇಡೀ ಪುಟವನ್ನು ತಾನೇ ಇಟ್ಟುಕೊಳ್ಳಬೇಕು. ಕತ್ತರಿಸಿದ ತುಣುಕಿನಲ್ಲಿ ತಾರೀಖು ಇರುವುದಿಲ್ಲ.

ಅಣ್ಣ ತಮ್ಮಂದಿರಿಗೂ ಇದರಲ್ಲಿ ಸ್ವಾರ್ಥವಿದೆ, ಅದು ಅವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಅದೇ ಉಪಕಲಂ ಎರಡೂ ಕಡೆ ಕೊಯ್ಯುತ್ತದೆ. ನೋಟಿಸ್ ಇಲ್ಲದಿದ್ದರೆ ನಿವೃತ್ತನಾದವನು ಸಂಸ್ಥೆಯ ಹೆಸರಲ್ಲಿ ಮಾಡಿದ ಕೆಲಸಕ್ಕೆ ಉಳಿದವರೂ ಹೊಣೆಯಾಗುತ್ತಾರೆ. ನಿವೃತ್ತಿಯ ನಂತರವೂ ಭಾವ ಯಾವುದೋ ಗಿರಾಕಿಯಿಂದ ಅಂಗಡಿಯ ಬಾಕಿ ವಸೂಲು ಮಾಡಿ ರಸೀದಿ ಕೊಟ್ಟರೆ, ಆ ಗಿರಾಕಿಯಿಂದ ಅಣ್ಣ ಮತ್ತೆ ಕೇಳುವಂತಿಲ್ಲ.

ನೋಟಿಸ್ ಇಲ್ಲದಿದ್ದರೂ ಬಿಡುಗಡೆ ಸಿಗುವ ಒಂದು ಸಂದರ್ಭವಿದೆ. ಅವನು ಪಾಲುದಾರನಾಗಿದ್ದ ಎಂಬುದೇ ಗೊತ್ತಿಲ್ಲದೆ ವ್ಯವಹಾರ ಮಾಡಿದ ಹೊರಗಿನವನಿಗೆ ನಿವೃತ್ತ ಪಾಲುದಾರ ಹೊಣೆಯಲ್ಲ. ಬಂಡವಾಳ ಹಾಕಿ ತೆರೆಮರೆಯಲ್ಲಿ ಉಳಿಯುವ ಪಾಲುದಾರರಿಗೆ ಇದು ಆಸರೆ. ನಮ್ಮ ಅಂಗಡಿಗೆ ಸೆಪ್ಟೆಂಬರ್‌ನಲ್ಲಿ ಇಳಕಲ್ಲಿನ ಒಬ್ಬ ನೇಕಾರ ಮೊದಲ ಸಲ ಸೀರೆ ಕೊಟ್ಟ, ಭಾವನ ಹೆಸರನ್ನೇ ಕೇಳಿರಲಿಲ್ಲ ಎಂದರೆ ಅವನು ಭಾವನನ್ನು ಹಿಡಿಯಲಾರ. ಆದರೆ ಬಿಲ್ ಬುಕ್ಕಿನಲ್ಲಿ, ಬೋರ್ಡಿನಲ್ಲಿ, ಜಿಎಸ್‌ಟಿ ದಾಖಲೆಯಲ್ಲಿ ಹೆಸರಿದ್ದರೆ ಗೊತ್ತಿರಲಿಲ್ಲ ಎಂದು ತೋರಿಸುವುದು ಕಷ್ಟವಾಗುತ್ತದೆ.

ಬಿಲ್ ಬುಕ್ಕಿನ ಮಾತು ಬಂದದ್ದರಿಂದ ಇಂಗ್ಲೆಂಡಿನ ಇನ್ನೊಂದು ಪ್ರಕರಣ ಹೇಳಬೇಕು. ಕ್ರಿಸ್‌ಮಸ್ ಮತ್ತು ಇಂಗ್ರಾಂ ಎಂಬಿಬ್ಬರು ಮೆರ್ರೀಸ್ ಎಂಬ ಹೆಸರಲ್ಲಿ ಪೀಠೋಪಕರಣದ ಅಂಗಡಿ ನಡೆಸುತ್ತಿದ್ದರು. 1947ರಲ್ಲಿ ಇಂಗ್ರಾಂ ಹೊರಬಂದ. ಮರುವರ್ಷ ಕ್ರಿಸ್‌ಮಸ್, ಟವರ್ ಕ್ಯಾಬಿನೆಟ್ ಎಂಬ ಕಂಪನಿಗೆ ಆರ್ಡರು ಕೊಡುವಾಗ ಇಂಗ್ರಾಂ ಹೆಸರಿದ್ದ ಹಳೆಯ ಕಾಗದ ಬಳಸಿದ. ಹಣ ಬರದೆ ಕಂಪನಿ ಇಂಗ್ರಾಂ ಮೇಲೆ ಹೋಯಿತು. 1949ರ ತೀರ್ಪು ಅವನ ಪರವಾಯಿತು: ಕಂಪನಿಗೆ ಅವನು ಪಾಲುದಾರನೆಂದು ಮೊದಲು ಗೊತ್ತಿರಲಿಲ್ಲ, ಹಳೆಯ ಕಾಗದ ಬಳಸಲು ಅವನು ಅನುಮತಿ ಕೊಟ್ಟಿರಲಿಲ್ಲ. ನಮ್ಮ ಕಾಯ್ದೆಯ 28ನೇ ಕಲಮಿನಲ್ಲೂ ಇದೇ ತತ್ತ್ವವಿದೆ. ತಾನು ಪಾಲುದಾರ ಎಂದು ತೋರಿಸಿಕೊಳ್ಳುವವನು, ಹಾಗೆ ತೋರಿಸಲು ಗೊತ್ತಿದ್ದೂ ಬಿಡುವವನು, ಅದನ್ನು ನಂಬಿ ಸಾಲ ಕೊಟ್ಟವನಿಗೆ ಹೊಣೆ. ಆದ್ದರಿಂದ ನೋಟಿಸ್ ಕೊಟ್ಟ ಮೇಲೂ ಬೋರ್ಡಿನಲ್ಲಿ ತನ್ನ ಹೆಸರು ಕಂಡರೆ ಭಾವ ನೆಂಟಸ್ತಿಕೆಯ ಸಂಕೋಚ ಬಿಟ್ಟು, ಅಳಿಸಿ ಎಂದು ಬರೆದು ಕೊಡಬೇಕು.

ತೆರಿಗೆಯ ದಾರಿ ಇವೆರಡಕ್ಕಿಂತ ಬೇರೆ. ಗೆಜೆಟ್ ಪ್ರಕಟಣೆಯನ್ನು ಜಿಎಸ್‌ಟಿ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದರ 90ನೇ ಕಲಂ ಪ್ರಕಾರ ನಿವೃತ್ತಿಯ ತಾರೀಖನ್ನು ಕಮಿಷನರಿಗೆ ಲಿಖಿತವಾಗಿ ತಿಳಿಸಬೇಕು. ಆ ದಿನದವರೆಗಿನ ತೆರಿಗೆ, ಬಡ್ಡಿ, ದಂಡಕ್ಕೆ ನಿವೃತ್ತ ಪಾಲುದಾರ ಹೊಣೆ, ಮೊತ್ತ ಆಗ ನಿರ್ಧಾರವಾಗಿರಲಿ, ಆಗಿರದಿರಲಿ. ಒಂದು ತಿಂಗಳೊಳಗೆ ತಿಳಿಸದಿದ್ದರೆ, ತಿಳಿಸಿದ್ದು ಕಮಿಷನರಿಗೆ ತಲುಪುವ ದಿನದವರೆಗೂ ಹೊಣೆ ಬೆಳೆಯುತ್ತಾ ಹೋಗುತ್ತದೆ. ಪಾಲುದಾರರ ಪಟ್ಟಿ ಬದಲಾದಾಗ ಜಿಎಸ್‌ಟಿ ನೋಂದಣಿಯ ತಿದ್ದುಪಡಿಗೆ ಸಂಸ್ಥೆ 15 ದಿನದಲ್ಲಿ ಅರ್ಜಿ ಹಾಕಬೇಕು. ಆಡಿಟರು ಅದನ್ನು ಮಾಡಿದ್ದಾರೆ ಎಂದರೂ ಭಾವ ತನ್ನ ಪತ್ರವನ್ನು ಪ್ರತ್ಯೇಕವಾಗಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು.

ಇಷ್ಟಕ್ಕೂ ಮೊದಲು ನಿವೃತ್ತಿ ಸರಿಯಾಗಿ ಆಗಿರಬೇಕು. ಜಗಳವಾಡಿ ಅಂಗಡಿಗೆ ಬರುವುದನ್ನು ಬಿಟ್ಟರೆ ಅದು ನಿವೃತ್ತಿಯಲ್ಲ. ಉಳಿದ ಎಲ್ಲರ ಒಪ್ಪಿಗೆಯಿಂದ, ಅಥವಾ ಪಾಲುದಾರಿಕೆ ಪತ್ರದಲ್ಲಿ ಬರೆದಿರುವ ಕ್ರಮದಿಂದ, ಅಥವಾ ಅವಧಿ ಗೊತ್ತು ಮಾಡದ ಪಾಲುದಾರಿಕೆಯಾದರೆ ಉಳಿದ ಎಲ್ಲರಿಗೂ ಲಿಖಿತ ನೋಟಿಸ್ ಕೊಟ್ಟು ಹೊರಬರಬೇಕು. ಎಲ್ಲರಿಗೂ ಎಂಬುದು ಮುಖ್ಯ. ಅಣ್ಣನಿಗೆ ಕೊಟ್ಟು ತಮ್ಮನಿಗೆ ಕೊಡದಿದ್ದರೆ ಆಗದು.

ಪಾಲುದಾರ ತೀರಿಕೊಂಡಾಗ ಮಾತ್ರ ಈ ಪ್ರಕಟಣೆಯ ಓಡಾಟ ಬೇಕಿಲ್ಲ. ಸಾವಿನ ನಂತರ ಸಂಸ್ಥೆ ಮಾಡಿದ ಸಾಲಕ್ಕೆ ಸತ್ತವರ ಆಸ್ತಿ ಹೊಣೆಯಲ್ಲ ಎಂದು 35ನೇ ಕಲಂ ಹೇಳುತ್ತದೆ, ಅದಕ್ಕೆ ಸಾರ್ವಜನಿಕ ನೋಟಿಸಿನ ಷರತ್ತಿಲ್ಲ. ಬದುಕಿದ್ದಾಗಿನ ಸಾಲಗಳು ಅವರು ಬಿಟ್ಟುಹೋದ ಆಸ್ತಿಯ ಮೇಲೆ ಉಳಿಯುತ್ತವೆ. ಆದ್ದರಿಂದ ಅಂಗಡಿಯ ಲೆಕ್ಕದ ಪುಸ್ತಕವನ್ನು ಆ ದಿನದವರೆಗೆ ಬಾಕಿ ತೆಗೆಸಿ, ಯಾವ ವ್ಯಾಪಾರಿಗೆ ಎಷ್ಟು ಎಂದು ಬರೆಸಿ, ಸಹಿ ಮಾಡಿಸಿದ ಒಂದು ಪ್ರತಿಯನ್ನು ಮನೆಯವರು ಹದಿನೈದು ದಿನದೊಳಗೆ ಕೇಳಿ ಪಡೆಯಬೇಕು. ಆಮೇಲಿನ ಪಾವತಿಗಳು ಆ ಪಟ್ಟಿಯ ಯಾವ ಸಾಲನ್ನು ತೀರಿಸಿದವು ಎಂಬುದು ಅವರಿಗೂ ಲೆಕ್ಕಕ್ಕೆ ಬರುತ್ತದೆ.